ದಿನಕ್ಕೆ ಒಂದೂವರೆ ಜಿಬಿಯಲ್ಲಿ ಆನ್‌ಲೈನ್ ತರಗತಿ: ಯಾವುದನ್ನು ಇಳಿಸಬೇಕು, ಯಾವುದನ್ನು ಉಳಿಸಿಕೊಳ್ಳಬೇಕು

ದಿನಕ್ಕೆ 1 ಜಿಬಿ ಅಥವಾ 1.5 ಜಿಬಿ ಸಿಗುವ ಪ್ಯಾಕ್ ಹಾಕಿಸಿಕೊಂಡ ಫೋನಿನಲ್ಲಿ ಸಂಜೆಯ ಟ್ಯೂಷನ್ನನ್ನೋ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಯನ್ನೋ ಕೇಳುವವರಿಗೆ ಯಾವ ಮೀಟಿಂಗ್ ಆ್ಯಪ್ ಒಳ್ಳೆಯದು ಎಂಬ ಪ್ರಶ್ನೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಝೂಮ್ ಬೇಕೋ, ಗೂಗಲ್ ಮೀಟ್ ಬೇಕೋ, ಮೈಕ್ರೋಸಾಫ್ಟ್ ಟೀಮ್ಸ್ ಬೇಕೋ ಎಂಬುದನ್ನು ಪಾಠ ಮಾಡುವವರು ಮೊದಲೇ ತೀರ್ಮಾನಿಸಿ ಲಿಂಕ್ ಕಳುಹಿಸಿರುತ್ತಾರೆ. ಆ ಲಿಂಕಿನಿಂದ ಒಳಗೆ ಹೋದ ಮೇಲೆ ಏನನ್ನು ನೋಡಬೇಕು, ಏನನ್ನು ಬರೀ ಕೇಳಿದರೆ ಸಾಕು, ನಮ್ಮ ಕಡೆಯಿಂದ ಏನು ಹೋಗಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿರುವ ಆಯ್ಕೆ. ಈ ಆಯ್ಕೆಗಳ ನಡುವೆ ಡೇಟಾ ಖರ್ಚಿನಲ್ಲಿ ಹತ್ತು ಪಟ್ಟಿಗಿಂತಲೂ ಹೆಚ್ಚಿನ ವ್ಯತ್ಯಾಸ ಬರಬಲ್ಲದು. ಆದ್ದರಿಂದ ಇಲ್ಲಿ ಮೊದಲು ಆಯ್ಕೆಗಳನ್ನೂ, ಆಮೇಲೆ ಮೂರು ಆ್ಯಪ್‌ಗಳಲ್ಲಿ ಅವು ಎಲ್ಲೆಲ್ಲಿವೆ ಎಂಬುದನ್ನೂ ಹೋಲಿಸಿದ್ದೇನೆ.

ಲೆಕ್ಕ ಹಾಕುವ ಬಗೆ

ಆ್ಯಪ್ ತಯಾರಿಸುವ ಕಂಪನಿಗಳು ತಮಗೆ ಬೇಕಾದ ವೇಗವನ್ನು ಕೆಬಿಪಿಎಸ್‌ನಲ್ಲಿ ಹೇಳುತ್ತವೆ. ನಮ್ಮ ಪ್ಯಾಕ್ ಇರುವುದು ಎಂಬಿ ಮತ್ತು ಜಿಬಿಯಲ್ಲಿ. ಒಂದರಿಂದ ಇನ್ನೊಂದಕ್ಕೆ ಬರಲು ಒಂದೇ ಸೂತ್ರ ಸಾಕು: 100 ಕೆಬಿಪಿಎಸ್ ವೇಗದಲ್ಲಿ ಒಂದು ಗಂಟೆ ಹರಿದರೆ ಸುಮಾರು 45 ಎಂಬಿ ಖರ್ಚಾಗುತ್ತದೆ. 1 ಎಂಬಿಪಿಎಸ್ ಎಂದರೆ ಗಂಟೆಗೆ 450 ಎಂಬಿ. ನಾವು ಇಳಿಸಿಕೊಳ್ಳುವ ಡೇಟಾ ಮಾತ್ರವಲ್ಲ, ನಮ್ಮ ಫೋನಿನಿಂದ ಹೊರಗೆ ಹೋಗುವ ಡೇಟಾ ಕೂಡ ಪ್ಯಾಕಿನಿಂದಲೇ ಕಡಿತವಾಗುತ್ತದೆ ಎಂಬುದನ್ನು ಮರೆಯಬಾರದು.

ಝೂಮ್ ತಾನೇ ಪ್ರಕಟಿಸಿರುವ ಅಂಕಿಗಳನ್ನು ಈ ಸೂತ್ರಕ್ಕೆ ಹಾಕಿ ನೋಡೋಣ. ಗುಂಪು ಸಭೆಯಲ್ಲಿ ಒಳ್ಳೆಯ ಗುಣಮಟ್ಟದ ವಿಡಿಯೊಗೆ ಕಳುಹಿಸಲು 1 ಎಂಬಿಪಿಎಸ್, ಪಡೆಯಲು 600 ಕೆಬಿಪಿಎಸ್ ಬೇಕು ಎಂದು ಅದು ಹೇಳುತ್ತದೆ. ಇವು ಗಂಟೆಗೆ 450 ಮತ್ತು 270 ಎಂಬಿ. ಸ್ಕ್ರೀನ್ ಶೇರ್ ಮಾತ್ರ ಬರುತ್ತಿದ್ದರೆ 50ರಿಂದ 75 ಕೆಬಿಪಿಎಸ್, ಅದರ ಜೊತೆ ಮಾತನಾಡುವವರ ಮುಖದ ಚಿಕ್ಕ ಚೌಕವೂ ಇದ್ದರೆ 50ರಿಂದ 150 ಕೆಬಿಪಿಎಸ್. ಬರೀ ಧ್ವನಿಗೆ 60ರಿಂದ 80 ಕೆಬಿಪಿಎಸ್, ಅಂದರೆ ಗಂಟೆಗೆ ಹೆಚ್ಚೆಂದರೆ 36 ಎಂಬಿ. ನಾವು ಮ್ಯೂಟ್ ಮಾಡಿಕೊಂಡು ಕುಳಿತಿರುವಷ್ಟು ಹೊತ್ತು ನಮ್ಮ ಕಡೆಯಿಂದ ಧ್ವನಿ ಹೋಗುವುದು ಗಣನೆಗೆ ಬರುವಷ್ಟಿರುವುದಿಲ್ಲ.

ಇವು ಯೋಜನೆಗೆಂದು ಕೊಟ್ಟ ಅಂಕಿಗಳು. ಚಿಕ್ಕ ಪರದೆಯ ಫೋನಿನಲ್ಲಿ, ದುರ್ಬಲ ಸಿಗ್ನಲ್‌ನಲ್ಲಿ ನಿಜವಾದ ಖರ್ಚು ಇದಕ್ಕಿಂತ ಕಡಿಮೆಯಾಗುವುದೇ ಹೆಚ್ಚು. ಆದರೆ ಒಂದು ಆಯ್ಕೆ ಇನ್ನೊಂದಕ್ಕಿಂತ ಎಷ್ಟು ಪಟ್ಟು ದುಬಾರಿ ಎಂಬುದನ್ನು ತಿಳಿಯಲು ಇಷ್ಟು ಸಾಕು.

ನಮ್ಮ ಕ್ಯಾಮೆರಾ: ಯೋಚಿಸಬೇಕಾಗಿಲ್ಲದ ಆಯ್ಕೆ

ಮೇಲಿನ ಅಂಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಾವು ಕಳುಹಿಸುವ ವಿಡಿಯೊ. ಮೇಷ್ಟ್ರ ಮುಖ ನೋಡಲು ಆಗುವ ಖರ್ಚಿಗಿಂತ ನಮ್ಮ ಮುಖ ತೋರಿಸಲು ಆಗುವ ಖರ್ಚು ಹೆಚ್ಚಾಗಬಹುದು. ಪಾಠ ಕೇಳುವವರಿಗೆ ಅದರಿಂದ ಕಲಿಯುವುದು ಏನೂ ಇಲ್ಲ. ಆದ್ದರಿಂದ ಕ್ಯಾಮೆರಾವನ್ನು ತರಗತಿಗೆ ಸೇರಿದ ಮೇಲೆ ಆರಿಸುವ ಬದಲು, ಸೇರುವ ಮೊದಲೇ ಆರಿಸಿಡುವುದು ಸರಿ. ಝೂಮ್‌ನಲ್ಲಿ ಸೇರುವ ಪುಟದಲ್ಲೇ Turn Off My Video ಎಂಬ ಗುಂಡಿ ಇದೆ. ಮೀಟ್ ಮತ್ತು ಟೀಮ್ಸ್‌ಗಳಲ್ಲಿ ಒಳಗೆ ಹೋಗುವ ಮುಂಚೆ ಕಾಣುವ ಪೂರ್ವನೋಟದಲ್ಲಿ ಕ್ಯಾಮೆರಾದ ಚಿತ್ರವನ್ನು ಒತ್ತಿದರೆ ಅದಕ್ಕೆ ಅಡ್ಡಗೆರೆ ಬೀಳುತ್ತದೆ.

ಹಾಜರಿಗೆ ಕ್ಯಾಮೆರಾ ಕಡ್ಡಾಯ ಎನ್ನುವ ತರಗತಿಗಳಿವೆ. ಅಲ್ಲಿ ಹಾಜರಿ ಕರೆಯುವ ಐದು ನಿಮಿಷ ಮಾತ್ರ ಕ್ಯಾಮೆರಾ ಹಾಕಿ ಆಮೇಲೆ ಆರಿಸಲು ಒಪ್ಪಿಗೆ ಕೇಳುವುದು ಒಳ್ಳೆಯದು. ಐದು ನಿಮಿಷಕ್ಕೆ ಆಗುವ ಖರ್ಚು 40 ಎಂಬಿಯನ್ನೂ ಮುಟ್ಟುವುದಿಲ್ಲ. ಇಡೀ ತರಗತಿಗೆ ಅದು ನೂರಾರು ಎಂಬಿ ಆಗುತ್ತದೆ. ಈ ಲೆಕ್ಕವನ್ನು ಹಾಗೆಯೇ ಮುಂದಿಟ್ಟರೆ ಬಹಳಷ್ಟು ಶಿಕ್ಷಕರು ಒಪ್ಪುತ್ತಾರೆ.

ಪಾಠ ಯಾವ ಬಗೆಯದು ಎಂಬುದೇ ನಿರ್ಣಾಯಕ

ಕ್ಯಾಮೆರಾ ಆರಿಸಿದ ಮೇಲೆ ಉಳಿಯುವ ಪ್ರಶ್ನೆ ಒಳಗೆ ಬರುವ ಡೇಟಾದ್ದು, ಮತ್ತು ಇಲ್ಲಿ ಎಲ್ಲ ತರಗತಿಗಳಿಗೂ ಒಂದೇ ಉತ್ತರ ಹೊಂದುವುದಿಲ್ಲ.

ಇತಿಹಾಸ, ಕನ್ನಡ ಸಾಹಿತ್ಯ, ಪ್ರಚಲಿತ ವಿದ್ಯಮಾನಗಳಂತಹ ವಿಷಯಗಳಲ್ಲಿ ಪಾಠ ಬಹುಮಟ್ಟಿಗೆ ಮಾತಿನಲ್ಲೇ ನಡೆಯುತ್ತದೆ. ಪುಸ್ತಕ ಎದುರಿಗೆ ತೆರೆದಿಟ್ಟುಕೊಂಡು ಬರೀ ಧ್ವನಿ ಕೇಳಿದರೆ ನಷ್ಟವಾಗುವುದು ಬಹಳ ಕಡಿಮೆ. ಇಂತಹ ತರಗತಿಗೆ ಎಲ್ಲ ವಿಡಿಯೊವನ್ನೂ ನಿಲ್ಲಿಸಿದರೆ ಗಂಟೆಗೆ 36 ಎಂಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ.

ಎರಡನೆಯದು ಸ್ಕ್ರೀನ್ ಶೇರ್ ಮೂಲಕ ನಡೆಯುವ ಪಾಠ. ಶಿಕ್ಷಕರು ಸ್ಲೈಡುಗಳನ್ನು ತೋರಿಸುತ್ತಾರೆ, ಇಲ್ಲವೇ ಟ್ಯಾಬ್ ಮೇಲೆ ಪೆನ್ನಿನಿಂದ ಬರೆಯುತ್ತಾರೆ. ಪರದೆಯ ಬಹುಭಾಗ ಅಲ್ಲಾಡದೆ ನಿಂತಿರುವುದರಿಂದ ಬದಲಾದಷ್ಟೇ ಭಾಗವನ್ನು ಕಳುಹಿಸಿದರೆ ಆ್ಯಪ್‌ಗೆ ಸಾಕಾಗುತ್ತದೆ. ಅಕ್ಷರಗಳು ಸ್ಪಷ್ಟವಾಗಿಯೇ ಇದ್ದರೂ ಖರ್ಚು ಅಗ್ಗವಾಗುವುದು ಈ ಕಾರಣಕ್ಕೆ. ಇಲ್ಲಿ ನಾವು ಬಿಡಬಹುದಾದ್ದು ಸಹಪಾಠಿಗಳ ಮತ್ತು ಶಿಕ್ಷಕರ ಮುಖಗಳನ್ನು ಮಾತ್ರ. ಶೇರ್ ಆದ ಪರದೆಯನ್ನು ಬಿಡಬಾರದು. ಎಚ್ಚರ ವಹಿಸಬೇಕಾದ ಸಂದರ್ಭ ಒಂದೇ: ಶಿಕ್ಷಕರು ತಮ್ಮ ಪರದೆಯಲ್ಲಿ ಯೂಟ್ಯೂಬ್ ವಿಡಿಯೊ ಓಡಿಸಿದರೆ ಇಡೀ ಪರದೆ ಪ್ರತಿ ಕ್ಷಣ ಬದಲಾಗುವುದರಿಂದ ಈ ಅಗ್ಗದ ಲೆಕ್ಕ ತಲೆಕೆಳಗಾಗುತ್ತದೆ. ಆಗ ಧ್ವನಿಗೆ ಮಾತ್ರ ಇಳಿದು, ಆ ವಿಡಿಯೊದ ಲಿಂಕನ್ನು ಚಾಟ್‌ನಲ್ಲಿ ಕೇಳಿಕೊಂಡು ಆಮೇಲೆ ಯೂಟ್ಯೂಬ್‌ನಲ್ಲಿ ಕಡಿಮೆ ಗುಣಮಟ್ಟದಲ್ಲಿ ನೋಡುವುದು ಲಾಭ.

ಮೂರನೆಯದೇ ಕಷ್ಟದ್ದು: ಶಿಕ್ಷಕರು ಕಪ್ಪುಹಲಗೆಯ ಮುಂದೆ ನಿಂತು, ಅದಕ್ಕೆ ಮುಖ ಮಾಡಿಟ್ಟ ಕ್ಯಾಮೆರಾದ ಮೂಲಕ ಪಾಠ ಮಾಡುವ ತರಗತಿ. ಗಣಿತದ ಟ್ಯೂಷನ್‌ಗಳಲ್ಲಿ ಇದು ಸಾಮಾನ್ಯ. ಆ್ಯಪ್‌ನ ದೃಷ್ಟಿಯಲ್ಲಿ ಈ ಹಲಗೆಯೂ ಒಂದು ಮುಖವೇ. ಅದಕ್ಕೆ ಬರುವುದು ಸಾಮಾನ್ಯ ವಿಡಿಯೊ. ಗುಣಮಟ್ಟ ಇಳಿಸಿದ ಕೂಡಲೇ ಮೊದಲು ಹಾಳಾಗುವುದು ಸಣ್ಣ ಗೆರೆಗಳು, ಅಂದರೆ ಸೀಮೆಸುಣ್ಣದ ಬರಹ. x ಮೇಲಿನ ಘಾತ 2 ಇದೆಯೋ 3 ಇದೆಯೋ, ಋಣಚಿಹ್ನೆ ಅಲ್ಲಿದೆಯೋ ಇಲ್ಲವೋ ಎಂಬುದು ತಿಳಿಯದೆ ಹೋದರೆ ಉಳಿಸಿದ ಡೇಟಾಕ್ಕೆ ಅರ್ಥವಿಲ್ಲ. ಒಳಬರುವ ವಿಡಿಯೊವನ್ನು ಪೂರ್ತಿ ನಿಲ್ಲಿಸಿದರಂತೂ ಹಲಗೆಯೇ ಮಾಯವಾಗುತ್ತದೆ. ಹಾಗಾಗಿ ಇಂತಹ ತರಗತಿಗೆಂದೇ ಡೇಟಾವನ್ನು ಉಳಿಸಿಟ್ಟುಕೊಳ್ಳಬೇಕು, ಉಳಿದ ತರಗತಿಗಳಲ್ಲಿ ಕೈ ಬಿಗಿ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ಎಲ್ಲ ತರಗತಿಗಳಲ್ಲೂ ಒಂದೇ ಸಮ ಗುಣಮಟ್ಟ ಇಳಿಸುವವರು ಇತಿಹಾಸದ ಪಾಠದಲ್ಲಿ ಬೇಡದ ಮುಖಗಳಿಗೆ ಖರ್ಚು ಮಾಡಿ, ಗಣಿತದಲ್ಲಿ ಬೇಕಾದ ಅಕ್ಷರಗಳನ್ನು ಕಳೆದುಕೊಳ್ಳುತ್ತಾರೆ.

ಹಲಗೆಯ ತರಗತಿಗೆ ಇನ್ನೊಂದು ದಾರಿಯೂ ಇದೆ. ತರಗತಿಯನ್ನು ಧ್ವನಿಯಲ್ಲಿ ಮಾತ್ರ ಕೇಳಿ, ಹಲಗೆ ತುಂಬಿದಾಗಲೆಲ್ಲ ಅದರ ಫೋಟೊವನ್ನು ವಾಟ್ಸಾಪ್ ಗುಂಪಿಗೆ ಹಾಕುವಂತೆ ಶಿಕ್ಷಕರನ್ನು ಕೇಳಿಕೊಳ್ಳುವುದು. ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಕಳುಹಿಸುವುದರಿಂದ ಸಾಮಾನ್ಯವಾಗಿ ಒಂದು ಚಿತ್ರ ಕೆಲವು ನೂರು ಕೆಬಿಯಲ್ಲಿ ಮುಗಿಯುತ್ತದೆ. ಹತ್ತು ಹಲಗೆ ಸೇರಿದರೂ ಐದು ಎಂಬಿ ದಾಟುವುದು ಅಪರೂಪ. ಲೆಕ್ಕವನ್ನು ಹಂತಹಂತವಾಗಿ ಬಿಡಿಸುವಾಗ ಕಣ್ಣ ಮುಂದೆ ಕಾಣುವುದಿಲ್ಲ ಎಂಬ ಕೊರತೆ ಇದ್ದೇ ಇರುತ್ತದೆ. ಹೊಸ ಅಧ್ಯಾಯ ಆರಂಭವಾಗುವ ದಿನ ಈ ದಾರಿ ಬೇಡ, ಅಭ್ಯಾಸದ ಲೆಕ್ಕಗಳನ್ನು ಮಾಡಿಸುವ ದಿನ ಇದು ಧಾರಾಳವಾಗಿ ಸಾಕು.

ಮೂರು ಆ್ಯಪ್‌ಗಳಲ್ಲಿ ಗುಂಡಿಗಳು ಎಲ್ಲಿವೆ

ಆ್ಯಪ್‌ನ ಆವೃತ್ತಿ ಬದಲಾದಂತೆ ಗುಂಡಿಗಳ ಹೆಸರು ಮತ್ತು ಜಾಗ ಅಲ್ಪಸ್ವಲ್ಪ ಬದಲಾಗುತ್ತವೆ. ಮುಂದೆ ಹೇಳುವ ಹೆಸರು ಹಾಗೆಯೇ ಕಾಣದಿದ್ದರೆ ಅದೇ ಅರ್ಥದ ಇನ್ನೊಂದು ಹೆಸರನ್ನು ಅದೇ ಪಟ್ಟಿಯಲ್ಲಿ ಹುಡುಕಬೇಕು.

ಝೂಮ್‌ನಲ್ಲಿ ಧ್ವನಿಗೆ ಮಾತ್ರ ಇಳಿಯಲು ಅತ್ಯಂತ ಸುಲಭದ ದಾರಿ ಇರುವುದು ವಾಹನ ಓಡಿಸುವವರಿಗೆಂದು ಮಾಡಿದ Safe Driving Mode ಎಂಬಲ್ಲಿ. ಸಭೆಯ ಮುಖ್ಯ ಪರದೆಯನ್ನು ಬಲಕ್ಕೆ ಸರಿಸಿದರೆ ಅದು ತೆರೆದುಕೊಳ್ಳುತ್ತದೆ. ನಮ್ಮ ವಿಡಿಯೊ, ಇತರರ ವಿಡಿಯೊ ಎರಡೂ ನಿಂತು, ಮೈಕ್ ಮ್ಯೂಟ್ ಆಗಿ, ಮಾತನಾಡಲು ಒಂದು ದೊಡ್ಡ ಗುಂಡಿ ಮಾತ್ರ ಉಳಿಯುತ್ತದೆ. ಎಡಕ್ಕೆ ಸರಿಸಿದರೆ ಮತ್ತೆ ಮೊದಲಿನ ಪರದೆ. ಮಾತಿನ ಪಾಠಕ್ಕೆ ಇದು ಹೇಳಿಮಾಡಿಸಿದಂತಿದೆ. ಆದರೆ ಈ ಪರದೆಯಲ್ಲಿರುವಾಗ ಶಿಕ್ಷಕರು ಶೇರ್ ಮಾಡಿದ್ದು ಕಾಣುವುದಿಲ್ಲವಾದ್ದರಿಂದ ಸ್ಲೈಡಿನ ತರಗತಿಗೆ ಇದನ್ನು ಬಳಸಬಾರದು. ಅಲ್ಲಿಗೆ ಬೇಕಾದ್ದು More ಪಟ್ಟಿಯೊಳಗಿನ Stop Incoming Video. ಅದು ಮುಖಗಳನ್ನು ನಿಲ್ಲಿಸಿ ಶೇರ್ ಆದ ಪರದೆಯನ್ನು ಉಳಿಸುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ತಿಳಿದಿದ್ದರೆ ಝೂಮ್‌ನಲ್ಲಿ ಬೇರೆ ಸೆಟ್ಟಿಂಗ್ ಹುಡುಕುತ್ತಾ ಹೋಗಬೇಕಾಗಿಲ್ಲ.

ಟೀಮ್ಸ್‌ನ ಬಲ ಬೇರೆ ಕಡೆ ಇದೆ. ಸಭೆಯ ನಡುವೆ ಮೂರು ಚುಕ್ಕಿಗಳ ಪಟ್ಟಿಯಲ್ಲಿ Turn off incoming video ಸಿಗುತ್ತದೆ. ಅದರ ಜೊತೆಗೆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ Data and storage ಎಂಬಲ್ಲಿ ಕರೆಗಳಿಗೆ ಕಡಿಮೆ ಡೇಟಾ ಬಳಸುವ ಆಯ್ಕೆ ಇದ್ದು, ಅದನ್ನು ಯಾವಾಗಲೂ ಎಂದೋ, ಮೊಬೈಲ್ ನೆಟ್‌ವರ್ಕ್‌ನಲ್ಲಿರುವಾಗ ಮಾತ್ರ ಎಂದೋ ಇಡಬಹುದು. ಎರಡನೆಯದನ್ನು ಒಮ್ಮೆ ಹಾಕಿಟ್ಟರೆ ಪ್ರತಿ ತರಗತಿಗೂ ನೆನಪಿಟ್ಟುಕೊಳ್ಳುವ ಗೋಜಿಲ್ಲ. ಕಾಲೇಜಿನ ವೈಫೈನಲ್ಲಿ ಕುಳಿತಾಗ ಅದು ತಾನಾಗಿಯೇ ಪೂರ್ಣ ಗುಣಮಟ್ಟಕ್ಕೆ ಮರಳುತ್ತದೆ. ಧ್ವನಿಯ ವಿಷಯದಲ್ಲೂ ಟೀಮ್ಸ್ ಮಿತವ್ಯಯಿ. ಮೈಕ್ರೋಸಾಫ್ಟ್ ಕೊಡುವ ಅಂಕಿಗಳ ಪ್ರಕಾರ ಅದರ ಧ್ವನಿಗೆ ಕನಿಷ್ಠ 10 ಕೆಬಿಪಿಎಸ್ ಇದ್ದರೂ ನಡೆಯುತ್ತದೆ, 58 ಇದ್ದರೆ ಚೆನ್ನಾಗಿರುತ್ತದೆ. ಇದರ ಮಹತ್ವ ಡೇಟಾ ಮುಗಿದ ಮೇಲೆ ಗೊತ್ತಾಗುತ್ತದೆ. ಆ ಮಾತು ಮುಂದೆ ಬರುತ್ತದೆ.

ಗೂಗಲ್ ಮೀಟ್‌ನ ಫೋನ್ ಆ್ಯಪ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ Limit data usage ಎಂಬ ಆಯ್ಕೆ ಇದೆ. ಇದು ವಿಡಿಯೊವನ್ನು ನಿಲ್ಲಿಸುವುದಿಲ್ಲ, ಅದರ ಗುಣಮಟ್ಟವನ್ನು ಇಳಿಸುತ್ತದೆ. ಪೂರ್ತಿ ಧ್ವನಿಗೆ ಇಳಿಯಬೇಕಾದರೆ ಸಭೆಯೊಳಗಿನ ಮೂರು ಚುಕ್ಕಿಗಳ ಪಟ್ಟಿಯಲ್ಲಿ On-the-Go ಆರಿಸಬೇಕು. 2023ರಲ್ಲಿ ಬಂದ ಈ ವ್ಯವಸ್ಥೆ ಝೂಮ್‌ನ ವಾಹನ ಚಾಲಕರ ಪರದೆಯ ಹಾಗೆಯೇ ವಿಡಿಯೊಗಳನ್ನು ಆರಿಸಿ ದೊಡ್ಡ ಗುಂಡಿಗಳನ್ನು ಉಳಿಸುತ್ತದೆ. ಕೇಳುವ ತರಗತಿಗೆ ಮಾತ್ರ ಅದನ್ನು ಇಟ್ಟುಕೊಳ್ಳಬೇಕು.

ಮೂರರಲ್ಲೂ ಸಾಮಾನ್ಯವಾದ ಇನ್ನೊಂದು ಗುಣ ಸೆಟ್ಟಿಂಗ್ಸ್‌ನಲ್ಲಿ ಎಲ್ಲೂ ಬರೆದಿರುವುದಿಲ್ಲ. ಒಬ್ಬರ ಚೌಕ ನಮ್ಮ ಪರದೆಯಲ್ಲಿ ಎಷ್ಟು ದೊಡ್ಡದಾಗಿದೆ ಎಂಬುದನ್ನು ನೋಡಿಕೊಂಡು ಆ್ಯಪ್ ಅಷ್ಟಕ್ಕೆ ತಕ್ಕ ಗುಣಮಟ್ಟದ ವಿಡಿಯೊವನ್ನು ತರಿಸಿಕೊಳ್ಳುತ್ತದೆ. ಶಿಕ್ಷಕರ ವಿಡಿಯೊವನ್ನು ಪಿನ್ ಮಾಡಿ ಪರದೆ ತುಂಬ ಇಟ್ಟರೆ ದುಬಾರಿ, ನಾಲ್ಕು ಚೌಕಗಳಲ್ಲಿ ಒಂದಾಗಿ ಬಿಟ್ಟರೆ ಆ ಒಂದು ಚೌಕ ಅಗ್ಗ. ಹಲಗೆಯ ಪಾಠದಲ್ಲಿ ಪಿನ್ ಮಾಡಲೇಬೇಕು. ಪಿನ್ ಮಾಡದೆ ಹಲಗೆ ಮಸುಕಾಗಿದೆ ಎಂದು ನೆಟ್‌ವರ್ಕನ್ನು ದೂರುವುದರಲ್ಲಿ ಹುರುಳಿಲ್ಲ.

ಒಂದು ಸಂಜೆಯ ಲೆಕ್ಕ

ಶಿರಸಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದ್ವಿತೀಯ ಪಿಯುಸಿ ಓದುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳೋಣ. ಪ್ಯಾಕ್ ದಿನಕ್ಕೆ 1.5 ಜಿಬಿ. ಸಂಜೆ ಒಂದೂವರೆ ಗಂಟೆ ಭೌತಶಾಸ್ತ್ರ, ಆಮೇಲೆ ಒಂದೂವರೆ ಗಂಟೆ ಗಣಿತ, ಎರಡೂ ಝೂಮ್‌ನಲ್ಲಿ. ಭೌತಶಾಸ್ತ್ರದ ಶಿಕ್ಷಕರು ಟ್ಯಾಬ್ ಮೇಲೆ ಬರೆದು ಪರದೆಯನ್ನು ಶೇರ್ ಮಾಡುತ್ತಾರೆ. ಗಣಿತದವರು ಕಪ್ಪುಹಲಗೆ ಬಳಸುತ್ತಾರೆ. ಹಗಲಿನಲ್ಲಿ ವಾಟ್ಸಾಪ್ ಮುಂತಾದವಕ್ಕೆ 200 ಎಂಬಿ ಹೋಗಿದೆ. ಉಳಿದಿರುವುದು ಸುಮಾರು 1,300 ಎಂಬಿ.

ಅವಳು ಏನನ್ನೂ ಬದಲಿಸದೆ, ಕ್ಯಾಮೆರಾ ಹಾಕಿಕೊಂಡೇ ಕುಳಿತಳು ಎನ್ನೋಣ. ಭೌತಶಾಸ್ತ್ರಕ್ಕೆ ಅವಳ ಕ್ಯಾಮೆರಾದಿಂದ 675 ಎಂಬಿ, ಮುಖದ ಚೌಕ ಸೇರಿದ ಸ್ಕ್ರೀನ್ ಶೇರ್‌ಗೆ 100, ಧ್ವನಿಗೆ 54. ಒಟ್ಟು ಸುಮಾರು 830 ಎಂಬಿ. ಗಣಿತಕ್ಕೆ ಉಳಿಯುವುದು 470 ಎಂಬಿ. ಗಣಿತದಲ್ಲಿ ಕ್ಯಾಮೆರಾ, ಹಲಗೆಯ ವಿಡಿಯೊ, ಧ್ವನಿ ಎಲ್ಲ ಸೇರಿ ನಿಮಿಷಕ್ಕೆ ಹನ್ನೆರಡೂವರೆ ಎಂಬಿ ಹೋಗುವುದರಿಂದ 37ನೆಯ ನಿಮಿಷದ ಹೊತ್ತಿಗೆ ಪ್ಯಾಕ್ ಖಾಲಿ. ಪಾಠ ಅರ್ಧವೂ ಆಗಿರುವುದಿಲ್ಲ.

ಕ್ಯಾಮೆರಾ ಒಂದನ್ನು ಆರಿಸಿ ಉಳಿದದ್ದನ್ನೆಲ್ಲ ಹಾಗೆಯೇ ಬಿಟ್ಟರೆ ಭೌತಶಾಸ್ತ್ರ 154 ಎಂಬಿಯಲ್ಲೂ ಗಣಿತ 459 ಎಂಬಿಯಲ್ಲೂ ಮುಗಿಯುತ್ತದೆ. ಒಟ್ಟು 613. ರಾತ್ರಿ ಮಲಗುವಾಗ ಇನ್ನೂ ಏಳುನೂರು ಎಂಬಿಯಷ್ಟು ಉಳಿದಿರುತ್ತದೆ. ಇದರ ಮೇಲೆ ಭೌತಶಾಸ್ತ್ರದಲ್ಲಿ ಮುಖಗಳನ್ನೂ ನಿಲ್ಲಿಸಿದರೆ ಸಿಗುವ ಹೆಚ್ಚಿನ ಉಳಿತಾಯ ಐವತ್ತು ಎಂಬಿ ಮಾತ್ರ, 1.5 ಜಿಬಿ ಪ್ಯಾಕ್ ಇರುವವರು ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅದೇ ಸಂಜೆಯನ್ನು 1 ಜಿಬಿ ಪ್ಯಾಕಿನಲ್ಲಿ ಕಳೆಯಬೇಕಾದರೆ ಉಳಿಯುವುದು 187 ಎಂಬಿ. ಆಗಲೂ ಸಾಗುತ್ತದೆ, ಆದರೆ ಆ ಐವತ್ತು ಎಂಬಿಗೂ ಬೆಲೆ ಬರುತ್ತದೆ. ತಮ್ಮನೂ ಅದೇ ಫೋನಿನ ಹಾಟ್‌ಸ್ಪಾಟ್‌ನಿಂದ ತನ್ನ ತರಗತಿ ಕೇಳುವ ಮನೆಯಲ್ಲಿ ಗಣಿತವನ್ನು ಧ್ವನಿ ಮತ್ತು ಹಲಗೆಯ ಫೋಟೊಗಳಿಗೆ ಇಳಿಸುವುದೇ ದಾರಿ. ಆಗ 459 ಎಂಬಿಯ ಜಾಗದಲ್ಲಿ 60 ಎಂಬಿ ಸಾಕು.

ಅಂಕಿಯನ್ನು ನಂಬದೆ ಅಳೆಯುವುದು

ಮೇಲಿನದು ಕಾಗದದ ಲೆಕ್ಕ. ನಿಮ್ಮ ಶಿಕ್ಷಕರ ಕ್ಯಾಮೆರಾ, ನಿಮ್ಮ ಫೋನು, ನಿಮ್ಮ ಊರಿನ ಸಿಗ್ನಲ್ ಸೇರಿ ನಿಜವಾದ ಖರ್ಚು ಎಷ್ಟು ಎಂಬುದನ್ನು ಫೋನೇ ಹೇಳುತ್ತದೆ. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಥವಾ ಸಿಮ್ ವಿಭಾಗದೊಳಗೆ App data usage ಇರುತ್ತದೆ. ಅಲ್ಲಿ ಮೀಟಿಂಗ್ ಆ್ಯಪ್‌ನ ಎದುರಿಗಿರುವ ಅಂಕಿಯನ್ನು ತರಗತಿಗೆ ಮೊದಲು ಮತ್ತು ಮುಗಿದ ಕೂಡಲೇ ಬರೆದಿಟ್ಟುಕೊಂಡು ಕಳೆದರೆ ಆ ತರಗತಿಯ ಖರ್ಚು ತಿಳಿಯುತ್ತದೆ. ಒಂದು ದಿನ ಮಾಮೂಲಿನಂತೆ, ಇನ್ನೊಂದು ದಿನ ಗುಣಮಟ್ಟ ಇಳಿಸಿ, ಅದೇ ಶಿಕ್ಷಕರ ತರಗತಿಯಲ್ಲಿ ಅಳೆದರೆ ಹೋಲಿಕೆಗೆ ಅರ್ಥ ಬರುತ್ತದೆ. ಎರಡು ಬೇರೆ ಬೇರೆ ತರಗತಿಗಳ ಅಂಕಿಗಳನ್ನು ಹೋಲಿಸಿ ಯಾವ ಆ್ಯಪ್ ಅಗ್ಗ ಎಂದು ತೀರ್ಮಾನಿಸುವುದು ತಪ್ಪು ದಾರಿ.

ಇದೇ ಪಟ್ಟಿ ಇನ್ನೊಂದು ಸತ್ಯವನ್ನೂ ಬಯಲು ಮಾಡುತ್ತದೆ. ತರಗತಿ ನಡೆಯುವಾಗಲೇ ಪ್ಲೇ ಸ್ಟೋರ್ ಆ್ಯಪ್‌ಗಳನ್ನು ನವೀಕರಿಸುತ್ತಿರಬಹುದು, ಫೋಟೊಗಳು ಬ್ಯಾಕಪ್ ಆಗುತ್ತಿರಬಹುದು, ವಾಟ್ಸಾಪ್ ಗುಂಪಿನ ವಿಡಿಯೊಗಳು ತಾವಾಗಿಯೇ ಇಳಿಯುತ್ತಿರಬಹುದು. ಮೀಟಿಂಗ್ ಆ್ಯಪ್ ಕಡಿಮೆ ಬಳಸಿದ್ದರೂ ಪ್ಯಾಕ್ ಬೇಗ ಮುಗಿಯುತ್ತಿದ್ದರೆ ಕಳ್ಳ ಇಲ್ಲೇ ಇರುತ್ತಾನೆ. ಫೋನಿನ Data Saver ಹಾಕಿದರೆ ಹಿನ್ನೆಲೆಯಲ್ಲಿ ನಡೆಯುವ ಇವೆಲ್ಲ ನಿಲ್ಲುತ್ತವೆ. ಅದನ್ನು ಹಾಕಿದ ಮೇಲೆ ಪರದೆ ಆರಿಸಿದಾಗ ತರಗತಿಯ ಧ್ವನಿ ಕಡಿದು ಹೋದರೆ, Data Saver ಒಳಗಿನ Unrestricted data ಪಟ್ಟಿಯಲ್ಲಿ ಮೀಟಿಂಗ್ ಆ್ಯಪ್ ಒಂದಕ್ಕೆ ಮಾತ್ರ ಅನುಮತಿ ಕೊಡಬೇಕು.

ಆ್ಯಪ್ ಕೇಳದಿದ್ದರೆ ಫೋನಿನಿಂದಲೇ ಮಿತಿ

ಆಂಡ್ರಾಯ್ಡ್ 13 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಸೌಲಭ್ಯವಿದೆ. ಸೆಟ್ಟಿಂಗ್ಸ್‌ನ About phone ಒಳಗೆ Build number ಎಂಬುದನ್ನು ಏಳು ಬಾರಿ ಒತ್ತಿದರೆ Developer options ತೆರೆದುಕೊಳ್ಳುತ್ತದೆ. ಅದರಲ್ಲಿ Network download rate limit ಎಂಬ ಆಯ್ಕೆಯಿಂದ ಇಡೀ ಫೋನಿಗೆ ಇಳಿಯುವ ವೇಗಕ್ಕೆ ಮಿತಿ ಹಾಕಬಹುದು. 256 ಕೆಬಿಪಿಎಸ್ ಆರಿಸಿದರೆ ಯಾವ ಆ್ಯಪ್ ಏನೇ ಮಾಡಿದರೂ ಗಂಟೆಗೆ 115 ಎಂಬಿಗಿಂತ ಹೆಚ್ಚು ಇಳಿಯಲಾರದು. ಮೀಟಿಂಗ್ ಆ್ಯಪ್ ನೆಟ್ ನಿಧಾನವಾಗಿದೆ ಎಂದು ತಿಳಿದು ತಾನಾಗಿಯೇ ವಿಡಿಯೊ ಗುಣಮಟ್ಟವನ್ನು ಇಳಿಸಿಕೊಳ್ಳುತ್ತದೆ.

ಸೆಟ್ಟಿಂಗ್ ಕಾಣಿಸದ ಆ್ಯಪ್‌ಗಳಿಗೆ, ಕೋಚಿಂಗ್ ಸಂಸ್ಥೆಗಳು ತಾವೇ ಮಾಡಿಸಿಕೊಂಡ ಆ್ಯಪ್‌ಗಳಿಗೆ ಇದು ಉಪಯುಕ್ತ. ಆದರೆ ಹಲಗೆಯ ಪಾಠಕ್ಕೆ 256 ಸಾಲದು. ಅಲ್ಲಿ 1 ಎಂಬಿಪಿಎಸ್ ಮಿತಿ ಇಟ್ಟು ನೋಡಬೇಕು. ಈ ಮಿತಿ ಇಳಿಯುವ ಡೇಟಾಕ್ಕೆ ಮಾತ್ರ ಅನ್ವಯಿಸುತ್ತದೆ, ನಮ್ಮ ಕ್ಯಾಮೆರಾದಿಂದ ಹೋಗುವುದನ್ನು ತಡೆಯುವುದಿಲ್ಲ. ತರಗತಿ ಮುಗಿದ ಮೇಲೆ No limit ಎಂದು ಮರಳಿಸದಿದ್ದರೆ ವೈಫೈ ಕೂಡ ನಿಧಾನವಾಗಿಯೇ ಇರುತ್ತದೆ. Developer options ತೆರೆದಿರುವ ಫೋನಿನಲ್ಲಿ ಕೆಲವು ಬ್ಯಾಂಕ್ ಆ್ಯಪ್‌ಗಳು ಎಚ್ಚರಿಕೆ ತೋರಿಸುತ್ತವೆ ಅಥವಾ ತೆರೆಯಲು ನಿರಾಕರಿಸುತ್ತವೆ. ಮನೆಯ ಹಣದ ವ್ಯವಹಾರವೂ ಅದೇ ಫೋನಿನಲ್ಲಿ ನಡೆಯುತ್ತಿದ್ದರೆ ಇದನ್ನು ಬಿಟ್ಟು ಆ್ಯಪ್‌ನೊಳಗಿನ ಗುಂಡಿಗಳನ್ನೇ ನೆಚ್ಚಿಕೊಳ್ಳುವುದು ಕ್ಷೇಮ.

ಡೇಟಾ ಮುಗಿದೇ ಹೋದಾಗ

ದಿನದ ಡೇಟಾ ಮುಗಿದ ಮೇಲೆ ಸಾಮಾನ್ಯವಾಗಿ ನೆಟ್ ಪೂರ್ತಿ ನಿಲ್ಲುವುದಿಲ್ಲ; ಬಹಳಷ್ಟು ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿದು, ಮಧ್ಯರಾತ್ರಿ 12ರ ನಂತರ ಮೊದಲಿನಂತಾಗುತ್ತದೆ. ಈ 64ರಲ್ಲಿ ವಿಡಿಯೊದ ಮಾತೇ ಇಲ್ಲ. ಧ್ವನಿಗೆ 60ರಿಂದ 80 ಕೇಳುವ ಝೂಮ್‌ಗೆ ಇದು ಅಂಚಿನ ಸ್ಥಿತಿ: ವಾಕ್ಯದ ನಡುನಡುವೆ ಪದಗಳು ಮಾಯವಾಗಬಹುದು. ಟೀಮ್ಸ್‌ನ ಧ್ವನಿಗೆ 58 ಸಾಕಾಗುವುದರಿಂದ ಅಲ್ಲಿ ತರಗತಿ ಮುಂದುವರಿಯುವ ಸಾಧ್ಯತೆ ಹೆಚ್ಚು. ಯಾವ ಆ್ಯಪ್ ಆದರೂ ಬೇರೆ ಯಾವುದೂ ಆ ಸಣ್ಣ ದಾರಿಯಲ್ಲಿ ನುಗ್ಗದಂತೆ Data Saver ಹಾಕಿರಬೇಕು, ಮತ್ತು ಸಭೆಯಿಂದ ಹೊರಗೆ ಬರಬಾರದು. ಹೊರಬಂದು ಮತ್ತೆ ಸೇರಲು 64 ಕೆಬಿಪಿಎಸ್‌ನಲ್ಲಿ ಬಹಳ ಹೊತ್ತು ಹಿಡಿಯಬಹುದು. ಅರ್ಧದಷ್ಟು ಮುಗಿದಾಗ ಮತ್ತು ಶೇಕಡಾ 90 ಮುಗಿದಾಗ ಬರುವ ಸಂದೇಶಗಳನ್ನು ಅಳಿಸದೆ ಓದಬೇಕಾದ್ದು ಇದಕ್ಕಾಗಿಯೇ: 90ರ ಸಂದೇಶ ಬಂದ ಕ್ಷಣ ಧ್ವನಿಗೆ ಇಳಿದರೆ 1.5 ಜಿಬಿ ಪ್ಯಾಕಿನಲ್ಲಿ ಉಳಿದ 150 ಎಂಬಿಯಲ್ಲಿ ನಾಲ್ಕು ಗಂಟೆ ಪಾಠ ಕೇಳಬಹುದು.

ಡೇಟಾವನ್ನೇ ಬಳಸದ ಕೊನೆಯ ಆಯ್ಕೆ ಸಾಮಾನ್ಯ ಫೋನ್ ಕರೆ. ತರಗತಿ ನಡೆಸುವವರ ಪಾವತಿ ಯೋಜನೆಯಲ್ಲಿ ಈ ಸೌಲಭ್ಯವಿದ್ದರೆ ಆಹ್ವಾನದ ಸಂದೇಶದಲ್ಲೇ ಒಂದು ದೂರವಾಣಿ ಸಂಖ್ಯೆ ಬಂದಿರುತ್ತದೆ. ಅದಕ್ಕೆ ಕರೆ ಮಾಡಿ, ಕೇಳಿದಾಗ ಮೀಟಿಂಗ್ ಐಡಿಯನ್ನು ಒತ್ತಿದರೆ ಪಾಠ ಕರೆಯಲ್ಲೇ ಕೇಳಿಸುತ್ತದೆ. ಸಂಖ್ಯೆ +91ರಿಂದ ಆರಂಭವಾಗಿದ್ದರೆ ಅನಿಯಮಿತ ಕರೆಯಿರುವ ಪ್ಯಾಕಿನಲ್ಲಿ ಇದು ಎಂದಿನ ಕರೆಯಂತೆಯೇ. ಝೂಮ್ ಆಹ್ವಾನಗಳಲ್ಲಿ One tap mobile ಎಂಬುದರ ಕೆಳಗೆ +1ರಿಂದ ಆರಂಭವಾಗುವ ಅಮೆರಿಕದ ಸಂಖ್ಯೆಗಳು ಇರುವುದುಂಟು. ಅವನ್ನು ಒತ್ತಿದರೆ ಅದು ಐಎಸ್‌ಡಿ ಕರೆಯಾಗುತ್ತದೆ. ಒಂದು ತರಗತಿಗೆ ಆಗುವ ಆ ಖರ್ಚಿನಲ್ಲಿ ಹೆಚ್ಚುವರಿ ಡೇಟಾದ ಪ್ಯಾಕನ್ನೇ ಹಾಕಿಸಿಕೊಳ್ಳಬಹುದಿತ್ತು ಎನ್ನುವಂತಾಗುತ್ತದೆ.